ಸಾಲ ಕೇಳುವ ಮೊದಲು ಯಂತ್ರ ಎಷ್ಟು ತಿರುಗುತ್ತಿದೆ ನೋಡಿ

ಬ್ಯಾಡಗಿ ಕಡೆಯ ಒಂದು ಸಣ್ಣ ಖಾರದ ಪುಡಿ ಘಟಕ ಅಂದುಕೊಳ್ಳಿ. ಈ ವರ್ಷದ ಮಾರಾಟ 100 ಲಕ್ಷ, ಮುಂದಿನ ವರ್ಷ 120 ಲಕ್ಷ ಆಗಬಹುದು. ಅದಕ್ಕೆ ಹೊರಗಿನಿಂದ ಎಷ್ಟು ಹಣ ಬೇಕು? ಮುಂದಿನ ವರ್ಷದ ಅಂದಾಜು ಬ್ಯಾಲೆನ್ಸ್ ಶೀಟ್ ಬರೆದರೆ ಗೊತ್ತಾಗುತ್ತದೆ.

ಮೊದಲು ಮಾರಾಟದ ಜೊತೆ ಬೆಳೆಯುವ ಬಾಬ್ತುಗಳನ್ನು ಗುರುತಿಸಿ. ದಾಸ್ತಾನು, ಬರಬೇಕಾದ ಬಾಕಿ, ಕೈಯಲ್ಲಿನ ನಗದು ಸೇರಿ ಈಗ 30 ಲಕ್ಷ ಇದೆ, ಅಂದರೆ ಮಾರಾಟದ ಶೇ 30. ಹಾಗಾಗಿ 120 ಲಕ್ಷಕ್ಕೆ ಇದು 36 ಲಕ್ಷ ಆಗುತ್ತದೆ. ಮೆಣಸಿನಕಾಯಿ ಉದ್ರಿ ಕೊಟ್ಟವರ ಬಾಕಿ 10 ಲಕ್ಷದಿಂದ 12ಕ್ಕೆ ಏರುತ್ತದೆ. ಬ್ಯಾಂಕ್ ಸಾಲ ತಾನಾಗಿ ಬೆಳೆಯುವುದಿಲ್ಲ, ಅದನ್ನು 25 ಲಕ್ಷದಲ್ಲೇ ಬಿಡಿ.

ಇನ್ನು ಲಾಭ. ಮಾರಾಟದ ಶೇ 5 ಅಂದರೆ 6 ಲಕ್ಷ. ಮನೆ ಖರ್ಚಿಗೆ 2.4 ಲಕ್ಷ ತೆಗೆದರೆ 3.6 ಲಕ್ಷ ಉಳಿಯುತ್ತದೆ. ಮಾಲೀಕರ ಬಂಡವಾಳ 35 ಇದ್ದದ್ದು 38.6 ಆಯಿತು. ಹಣ ಬರುವ ದಾರಿಗಳೆಲ್ಲ ಸೇರಿ 75.6 ಲಕ್ಷ.

ಈಗ ಯಂತ್ರ, ಕಟ್ಟಡದ 40 ಲಕ್ಷ. ಹೆಚ್ಚಿನವರು ಎಡವುವುದು ಇಲ್ಲೇ. ಇದನ್ನೂ ಸುಮ್ನೆ ಶೇ 20 ಏರಿಸಿ 48 ಲಕ್ಷ ಎಂದು ಬರೆದುಬಿಡುತ್ತಾರೆ. ಆಗ ಆಸ್ತಿ 84 ಲಕ್ಷ, ಕೊರತೆ 8.4 ಲಕ್ಷ. ಆದರೆ ಯಂತ್ರ ಈಗ ಶೇ 80ರಷ್ಟು ಮಾತ್ರ ಓಡುತ್ತಿದೆ ಅನ್ನಿ. ಪೂರ್ತಿ ಓಡಿದರೆ ಎಷ್ಟು ಮಾರಬಹುದು?

```
100 ÷ 0.80 = 125
```

120 ಲಕ್ಷ ಅದರೊಳಗೇ ಇದೆ, ಅಲ್ವಾ? ಹೊಸ ಯಂತ್ರ ಬೇಡ. 40 ಲಕ್ಷ ಹಾಗೇ ಇರಲಿ. ಸವಕಳಿಯಷ್ಟನ್ನು ರಿಪೇರಿ, ಬದಲಿ ಭಾಗಗಳಿಗೆ ಹಾಕುತ್ತೀರಿ ಎಂದು ಇಟ್ಟುಕೊಳ್ಳೋಣ. ಆಸ್ತಿ 76 ಲಕ್ಷ. ಬೇಕಾದದ್ದು 40 ಸಾವಿರ ರೂಪಾಯಿ ಮಾತ್ರ!

ಮಾರಾಟ 125 ಲಕ್ಷ ದಾಟಿದರೆ ಮಾತ್ರ ಯಂತ್ರದ ಮಾತು ಬರುತ್ತದೆ. 140 ಲಕ್ಷಕ್ಕೆ ಹೋಯಿತು ಅನ್ನಿ. ಆಗಲೂ 40ನ್ನು ನೂರರಿಂದಲ್ಲ, 125ರಿಂದ ಭಾಗಿಸಿ. ಶೇ 32 ಬರುತ್ತದೆ. 140ರ ಶೇ 32 ಅಂದರೆ 44.8 ಲಕ್ಷ, ಯಂತ್ರಕ್ಕೆ ಹೆಚ್ಚುವರಿ 4.8 ಲಕ್ಷ. ಆದರೆ ಯಂತ್ರವನ್ನು ಅರ್ಧ ಕೊಳ್ಳಲು ಆಗುವುದಿಲ್ಲ. ಸಿಗುವ ಚಿಕ್ಕ ಯಂತ್ರಕ್ಕೇ 10 ಲಕ್ಷವಾದರೆ ಪಟ್ಟಿಯಲ್ಲಿ ಬರೆಯಬೇಕಾದದ್ದು 10 ಲಕ್ಷವೇ.

ಶೇ 80 ಎಂಬುದನ್ನು ಬಾಯಿಮಾತಿಗೆ ನಂಬಬೇಡಿ. ಒಂದು ವಾರ ಪ್ರತಿ ಯಂತ್ರದ ಪಕ್ಕ ಪುಸ್ತಕ ಇಟ್ಟು, ಎಷ್ಟು ಗಂಟೆ ಓಡಿತು ಎಂದು ಬರೆಸಿ. ಪುಡಿ ಮಾಡುವ ಯಂತ್ರ ಬಿಡುವಾಗಿದ್ದು, ಪ್ಯಾಕಿಂಗ್ ಯಂತ್ರ ಆಗಲೇ ಹೊತ್ತು ಮೀರಿ ಓಡುತ್ತಿರಬಹುದು. ಹಾಗಿದ್ದರೆ ಘಟಕದ ಮಿತಿ ಪ್ಯಾಕಿಂಗ್ ಯಂತ್ರವೇ. 120 ಲಕ್ಷಕ್ಕೂ ಅದೊಂದನ್ನು ಕೊಳ್ಳಬೇಕಾಗುತ್ತದೆ, ಮೇಲಿನ 40 ಸಾವಿರ ಸಾಲುವುದಿಲ್ಲ.