ಒಂದು ಕಿರಣ ಮಂಕಾದರೆ ಪಟ್ಟೆಗಳ ಕಾಂಟ್ರಾಸ್ಟ್ ಎಷ್ಟು ಉಳಿಯುತ್ತದೆ? ಲೆಕ್ಕ ಹಾಕುವುದು ಹೀಗೆ

ಎರಡು ಬೆಳಕಿನ ಕಿರಣಗಳು ಒಂದರ ಮೇಲೊಂದು ಬಿದ್ದು ವ್ಯತಿಕರಣ ಪಟ್ಟೆಗಳು ಮೂಡಿವೆ. ಒಂದು ಕಿರಣದ ತೀವ್ರತೆ 80, ಇನ್ನೊಂದರದು ಬರೀ 5. ಪಟ್ಟೆಗಳು ಎಷ್ಟು ಸ್ಪಷ್ಟವಾಗಿ ಕಾಣಬಹುದು? ಕೂಡಿದಲ್ಲಿ 85, ಕಳೆದಲ್ಲಿ 75, ಅಂದರೆ ಇದ್ದೂ ಇಲ್ಲದಂತಹ ಪಟ್ಟೆ ಎಂದು ಮೊದಲಿಗೆ ಅನಿಸುತ್ತದೆ. ಅಳೆದು ನೋಡಿದರೆ ಬೆಳಕಿನ ಪಟ್ಟೆಯಲ್ಲಿ 125, ಕತ್ತಲಿನ ಪಟ್ಟೆಯಲ್ಲಿ 45 ಸಿಗುತ್ತದೆ. ಬರಿಗಣ್ಣಿಗೇ ಎದ್ದು ಕಾಣುವಷ್ಟು ವ್ಯತ್ಯಾಸ.

ಕಾರಣ ಇಷ್ಟೇ. ಬೆಳಕಿನ ಅಲೆಗಳು ಸೇರುವಾಗ ಕೂಡುವುದು, ಕಳೆಯುವುದು ಪಾರಗಳು, ಅಂದರೆ ಅಲೆಗಳ ಎತ್ತರಗಳು; ತೀವ್ರತೆಗಳಲ್ಲ. ತೀವ್ರತೆ ಎಂದರೆ ಪಾರದ ವರ್ಗ. ಹಾಗಾಗಿ ತೀವ್ರತೆಯಲ್ಲಿ ಹದಿನಾರು ಪಟ್ಟು ಹಿಂದಿರುವ ಕಿರಣ ಪಾರದಲ್ಲಿ ನಾಲ್ಕೇ ಪಟ್ಟು ಹಿಂದಿರುತ್ತದೆ. ಈ ಲೇಖನದ ಲೆಕ್ಕವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಸಲಕರಣೆಯ ಜೋಡಣೆ

ಮೈಕೆಲ್ಸನ್ ವ್ಯತಿಕರಣಮಾಪಕವನ್ನೇ ತೆಗೆದುಕೊಳ್ಳೋಣ. ಪಟ್ಟೆಗಳ ಸ್ಪಷ್ಟತೆಗೆ ಒಂದು ಸಂಖ್ಯೆ ಕೊಟ್ಟು ಅದನ್ನು ಅಳತೆಯ ಸಾಧನವಾಗಿ ಬಳಸಿದವರೂ ಆಲ್ಬರ್ಟ್ ಮೈಕೆಲ್ಸನ್ನರೇ, 1890ರ ಸುಮಾರಿಗೆ. ಹೀಲಿಯಂ-ನಿಯಾನ್ ಲೇಸರ್‌ನ ಬೆಳಕು ಅರೆಪಾರದರ್ಶಕ ಗಾಜಿಗೆ ಬಡಿದು ಎರಡಾಗಿ ಒಡೆಯುತ್ತದೆ. ಎರಡೂ ಭಾಗಗಳು ತಂತಮ್ಮ ಕನ್ನಡಿಯವರೆಗೆ ಹೋಗಿ ಮರಳಿ ಅದೇ ಗಾಜಿನ ಬಳಿ ಸೇರುತ್ತವೆ. ಒಂದು ಕನ್ನಡಿಯನ್ನು ಕೂದಲೆಳೆಯಷ್ಟು ಓರೆ ಮಾಡಿದರೆ ಪರದೆಯ ಮೇಲೆ ನೇರ ಪಟ್ಟೆಗಳು ಮೂಡುತ್ತವೆ. ಪರದೆಯ ಜಾಗದಲ್ಲಿ ಕಿರಿದಾದ ಸೀಳು, ಅದರ ಹಿಂದೆ ಫೋಟೋಡಯೋಡ್ ಇಟ್ಟರೆ ಅಳತೆಗೆ ಸಿದ್ಧ.

ಗಾಜು ಬೆಳಕನ್ನು ಸರಿಸಮನಾಗಿ ಒಡೆಯದಿದ್ದರೂ ಇಲ್ಲಿ ಚಿಂತೆಯಿಲ್ಲ. ಪರದೆಗೆ ಬರುವ ಪ್ರತಿ ಕಿರಣವೂ ಆ ಗಾಜಿನಲ್ಲಿ ಒಮ್ಮೆ ಪ್ರತಿಫಲಿಸಿ ಒಮ್ಮೆ ಹಾದುಬಂದಿರುತ್ತದೆ, ಆದ್ದರಿಂದ ನಷ್ಟ ಇಬ್ಬರಿಗೂ ಒಂದೇ. ನಮ್ಮ ಉದಾಹರಣೆಯಲ್ಲಿ ಎರಡೂ ತೋಳುಗಳಿಂದ, ಅಂದರೆ ಗಾಜಿನಿಂದ ಕನ್ನಡಿಗೆ ಹೋಗಿಬರುವ ಎರಡು ದಾರಿಗಳಿಂದ, ತಲಾ 80 ಮೈಕ್ರೋವ್ಯಾಟ್ ಬರುತ್ತಿದೆ ಎಂದಿಟ್ಟುಕೊಳ್ಳಿ. ಈಗ ಒಂದು ತೋಳಿನಲ್ಲಿ ಶೇ 25ರಷ್ಟು ಬೆಳಕನ್ನು ಮಾತ್ರ ಬಿಡುವ ಫಿಲ್ಟರ್ ಇಡಿ. ಆ ತೋಳಿನಿಂದ ಬರುವುದು 20 ಅಲ್ಲ, 5. ಬೆಳಕು ಹೋಗುವಾಗೊಮ್ಮೆ, ಬರುವಾಗೊಮ್ಮೆ ಫಿಲ್ಟರನ್ನು ದಾಟುತ್ತದಲ್ಲ. ಇದನ್ನು ಮರೆತವರ ಲೆಕ್ಕ ಮೊದಲ ಸಾಲಿನಲ್ಲೇ ಎಡವುತ್ತದೆ.

ಲೆಕ್ಕ

ಎರಡು ಕಿರಣಗಳ ತೀವ್ರತೆ I₁ ಮತ್ತು I₂, ಅವುಗಳ ನಡುವಿನ ಪ್ರಾವಸ್ಥಾ ವ್ಯತ್ಯಾಸ, ಅಂದರೆ ಒಂದು ಅಲೆ ಇನ್ನೊಂದಕ್ಕಿಂತ ಎಷ್ಟು ಹಿಂದಿದೆ ಎಂಬುದು, δ ಆಗಿದ್ದರೆ ಪರದೆಯ ಯಾವುದೇ ಬಿಂದುವಿನಲ್ಲಿ ಸಿಗುವ ತೀವ್ರತೆ ಇದು:

```
I = I₁ + I₂ + 2√(I₁I₂) cos δ
```

ಬೆಳಕಿನ ಪಟ್ಟೆಯ ನಡುವೆ cos δ ಬೆಲೆ +1, ಕತ್ತಲಿನ ಪಟ್ಟೆಯ ನಡುವೆ −1. ನಮ್ಮ ಅಂಕಿಗಳನ್ನು ಹಾಕಿದರೆ 80 × 5 = 400, ಅದರ ವರ್ಗಮೂಲ 20, ಅದರ ಎರಡರಷ್ಟು 40.

```
Imax = 80 + 5 + 40 = 125
Imin = 80 + 5 − 40 = 45
V = (Imax − Imin) / (Imax + Imin) = 80 / 170 = 0.47
```

ಈ V ಎಂಬುದೇ ಪಟ್ಟೆಗಳ ಗೋಚರತೆ. ಕತ್ತಲಿನ ಪಟ್ಟೆ ಪೂರ್ತಿ ಕಪ್ಪಾಗಿದ್ದರೆ V = 1, ಪಟ್ಟೆಗಳೇ ಇಲ್ಲದಿದ್ದರೆ 0. ಪಾರಗಳ ಅನುಪಾತ r ಗೊತ್ತಿದ್ದರೆ ಇನ್ನೂ ಚಿಕ್ಕ ದಾರಿಯಿದೆ: V = 2r/(1 + r²). ಇಲ್ಲಿ r = 4, ಉತ್ತರ 8/17, ಅದೇ 0.47. r = ¼ ಎಂದು ಹಾಕಿದರೂ ಉತ್ತರ ಬದಲಾಗದು. ಹಾಗಾಗಿ ಬರೀ ಗೋಚರತೆ ನೋಡಿ ಯಾವ ತೋಳು ಮಂಕು ಎಂದು ಹೇಳಲಾಗದು. ಅದಕ್ಕೆ ಒಂದೊಂದೇ ತೋಳನ್ನು ಮುಚ್ಚಿ ನೋಡಲೇಬೇಕು.

ಅಳತೆ

ನಾಲ್ಕು ಅಳತೆಗಳು ಬೇಕು, ಮೊದಲನೆಯದನ್ನೇ ಜನ ಬಿಟ್ಟುಬಿಡುವುದು. ಎರಡೂ ತೋಳುಗಳನ್ನು ರಟ್ಟಿನಿಂದ ಮುಚ್ಚಿ ಫೋಟೋಡಯೋಡ್ ಏನು ತೋರಿಸುತ್ತದೆ ಎಂದು ಬರೆದುಕೊಳ್ಳಿ. ಕೋಣೆಯ ಬೆಳಕಿನಿಂದ 15 ಬಂತು ಎನ್ನೋಣ. ಆಮೇಲೆ ಫಿಲ್ಟರ್ ಇರುವ ತೋಳನ್ನಷ್ಟೇ ಮುಚ್ಚಿದರೆ 95, ಇನ್ನೊಂದನ್ನಷ್ಟೇ ಮುಚ್ಚಿದರೆ 20. ಕೊನೆಗೆ ಎರಡನ್ನೂ ತೆರೆದು, ಸೀಳನ್ನು ಪಟ್ಟೆಗಳಿಗೆ ಅಡ್ಡಲಾಗಿ ನಿಧಾನ ಸರಿಸುತ್ತ ಗರಿಷ್ಠ, ಕನಿಷ್ಠ ಎರಡನ್ನೂ ಗುರುತಿಸಿ: 140 ಮತ್ತು 60.

ಹಿನ್ನೆಲೆಯ 15ನ್ನು ಕಳೆಯದೆ ಹೊರಟರೆ ಏನಾಗುತ್ತದೆ ನೋಡಿ. 95 ಮತ್ತು 20ರಿಂದ ಲೆಕ್ಕ ಹಾಕಿದರೆ 0.76 ಬರಬೇಕು, ಅಳೆದದ್ದರಿಂದ 80/200, ಅಂದರೆ 0.40 ಸಿಕ್ಕಿದೆ. ಲೇಸರ್ ಸರಿಯಿಲ್ಲ, ಕನ್ನಡಿ ಸರಿಯಿಲ್ಲ ಎಂದು ಹುಡುಕಾಟ ಶುರುವಾಗುತ್ತದೆ. ಎಲ್ಲ ಅಳತೆಗಳಿಂದಲೂ 15 ಕಳೆದರೆ 80, 5, 125, 45 ಉಳಿದು ಲೆಕ್ಕವೂ ಅಳತೆಯೂ 0.47ರಲ್ಲಿ ಕೂಡಿಕೊಳ್ಳುತ್ತವೆ. ಕೋಣೆಯ ಬೆಳಕು ಲೇಸರ್ ಕಿರಣದ ಜೊತೆ ವ್ಯತಿಕರಣಗೊಳ್ಳುವುದಿಲ್ಲ. ಎಲ್ಲೆಡೆ ಸಮನಾಗಿ ಕೂಡಿಕೊಂಡು ಪಟ್ಟೆಗಳನ್ನು ಮಸುಕಾಗಿಸುತ್ತದೆ ಅಷ್ಟೆ.

ಫೋಟೋಡಯೋಡ್ ಬದಲು ಕ್ಯಾಮೆರಾದಲ್ಲಿ ಅಳೆಯುವವರಿಗೆ ಒಂದು ಎಚ್ಚರಿಕೆ. ಮಾಮೂಲಿ ಜೆಪೆಗ್ ಚಿತ್ರದ ಅಂಕಿಗಳು ತೀವ್ರತೆಗೆ ನೇರ ಅನುಪಾತದಲ್ಲಿರುವುದಿಲ್ಲ. ಗಾಮಾ ತಿದ್ದುಪಡಿ ನೆರಳಿನ ಭಾಗವನ್ನು ಎತ್ತಿ ತೋರಿಸುತ್ತದೆ. ಗಾಮಾ 2.2 ಇದ್ದರೆ ನಮ್ಮ 125 ಮತ್ತು 45ರ ಪಟ್ಟೆಗಳಿಗೆ 0.47ರ ಬದಲು 0.23 ಎಂಬ ಗೋಚರತೆ ಸಿಗುತ್ತದೆ, ಸತ್ಯದ ಅರ್ಧದಷ್ಟು. ಕಚ್ಚಾ ದತ್ತಾಂಶವನ್ನೇ ಬಳಸಿ, ಬೆಳಕಿನ ಪಟ್ಟೆ ಕ್ಯಾಮೆರಾದ ಮಿತಿ ಮುಟ್ಟದಂತೆ ಎಕ್ಸ್‌ಪೋಷರ್ ತಗ್ಗಿಸಿ.

ಆದರೂ ಕಡಿಮೆ ಬಂದರೆ

ಹಿನ್ನೆಲೆ ಕಳೆದ ಮೇಲೂ 0.47ರ ಬದಲು 0.40 ಬಂತು ಎಂದಿಟ್ಟುಕೊಳ್ಳಿ. ಪಾರಗಳ ಅಸಮಾನತೆಯ ಲೆಕ್ಕ ಮುಗಿದಿದೆ. ಉಳಿದ ಕೊರತೆ, ಅಂದರೆ 0.40/0.47 = 0.85, ಬೇರೆ ಕಾರಣದ್ದು. ಮೊದಲು ಸೀಳಿನ ಅಗಲ ನೋಡಿ. ಅದು ಒಂದು ಪಟ್ಟೆಯಿಂದ ಮುಂದಿನ ಪಟ್ಟೆಗಿರುವ ದೂರದ ಕಾಲುಭಾಗದಷ್ಟಿದ್ದರೂ ಅಳತೆಯ ಗೋಚರತೆ ಶೇ 10ರಷ್ಟು ಇಳಿಯುತ್ತದೆ, ಪೂರ್ತಿ ದೂರದಷ್ಟಿದ್ದರೆ ಪಟ್ಟೆಯೇ ಸಿಗದು. ಕನ್ನಡಿಯ ಓರೆಯನ್ನು ತಗ್ಗಿಸಿ ಪಟ್ಟೆಗಳನ್ನು ಅಗಲವಾಗಿಸಿದಾಗ ಗೋಚರತೆ ಏರಿದರೆ ಕಳ್ಳ ಸಿಕ್ಕಿದ.

ಏರಲಿಲ್ಲವೇ? ಎರಡೂ ತೋಳುಗಳ ಉದ್ದವನ್ನು ಸಮ ಮಾಡಿ ನೋಡಿ. ಆಗ ಸುಧಾರಿಸಿದರೆ ಲೇಸರ್‌ನ ಸಂಸಕ್ತತೆ, ಅಂದರೆ ಅಲೆಗಳು ಎಷ್ಟು ದೂರ ಲಯ ತಪ್ಪದೆ ಸಾಗುತ್ತವೆ ಎಂಬುದು, ಸಾಲುತ್ತಿರಲಿಲ್ಲ ಎಂದರ್ಥ. ಅದೂ ಅಲ್ಲವಾದರೆ ಧ್ರುವೀಕರಣ, ಅಂದರೆ ಬೆಳಕಿನ ಕಂಪನದ ದಿಕ್ಕು. ಫಿಲ್ಟರ್ ಪ್ಲಾಸ್ಟಿಕ್ ಹಾಳೆಯದಾಗಿದ್ದರೆ ಅದು ಬೆಳಕಿನ ಧ್ರುವೀಕರಣವನ್ನು ಬದಲಿಸಬಲ್ಲದು. ಎರಡು ಕಿರಣಗಳ ಕಂಪನದ ದಿಕ್ಕುಗಳ ನಡುವೆ 32 ಡಿಗ್ರಿ ಕೋನವಿದ್ದರೆ ಸಾಕು, 0.85ರಷ್ಟೇ ಉಳಿಯುತ್ತದೆ, ಏಕೆಂದರೆ ಗೋಚರತೆ ಆ ಕೋನದ ಕೊಸೈನ್‌ನಿಂದ ಗುಣಿಸಲ್ಪಡುತ್ತದೆ. ಫೋಟೋಡಯೋಡ್ ಮುಂದೆ ಪೋಲರೈಸರ್ ಇಟ್ಟು ಪರೀಕ್ಷಿಸಬಹುದು. ಆದರೆ ಪೋಲರೈಸರ್ ಇಟ್ಟ ಕೂಡಲೇ ಎರಡೂ ಕಿರಣಗಳ ಬಲ ಬದಲಾಗುತ್ತದೆ, ಆದ್ದರಿಂದ ಒಂದೊಂದೇ ತೋಳು ಮುಚ್ಚುವ ಅಳತೆಗಳನ್ನೂ ಹೊಸದಾಗಿ ಮಾಡಿಕೊಳ್ಳಿ.

ಬಲವಾದ ಕಿರಣವನ್ನು ತಗ್ಗಿಸಬೇಕೆ?

ಇನ್ನೊಂದು ತೋಳಿಗೂ ಶೇ 25ರ ಫಿಲ್ಟರ್ ಹಾಕಿದರೆ ಎರಡೂ ಕಡೆಯಿಂದ 5 ಬರುತ್ತದೆ. ಗರಿಷ್ಠ 20, ಕನಿಷ್ಠ 0, ಗೋಚರತೆ 1. ನೋಡಲು ಚೆನ್ನ. ಆದರೆ ಗರಿಷ್ಠ ಮತ್ತು ಕನಿಷ್ಠಗಳ ನಡುವಿನ ಅಂತರ 80 ಇದ್ದದ್ದು 20ಕ್ಕೆ ಇಳಿಯಿತು. ಶೇ 50ರ ಫಿಲ್ಟರ್ ಹಾಕಿದರೆ ಆ ತೋಳಿನಿಂದ 20 ಬಂದು, ಗರಿಷ್ಠ 45, ಕನಿಷ್ಠ 5, ಗೋಚರತೆ 0.8, ಅಂತರ 40.

ಅಂದರೆ ತಗ್ಗಿಸಿದಷ್ಟೂ ಅನುಪಾತ ಚೆಂದವಾಗುತ್ತದೆ, ಏರಿಳಿತ ಬಡವಾಗುತ್ತದೆ. ಕಣ್ಣಿಗೆ ಅಥವಾ ಛಾಯಾಚಿತ್ರಕ್ಕೆ ಪಟ್ಟೆ ಬೇಕಿದ್ದರೆ, ಇಲ್ಲವೇ ಬಲವಾದ ಕಿರಣ ಕ್ಯಾಮೆರಾದ ಮಿತಿ ದಾಟುತ್ತಿದ್ದರೆ, ತಗ್ಗಿಸುವುದು ಸರಿ. ಫೋಟೋಡಯೋಡ್‌ನ ವಿದ್ಯುತ್ ಸದ್ದಿನ ನಡುವೆ ಪಟ್ಟೆಯ ಚಲನೆಯನ್ನು ಹಿಡಿಯಬೇಕಿದ್ದರೆ ನಾನು ಬಲವಾದ ಕಿರಣವನ್ನು ಹಾಗೆಯೇ ಬಿಡುತ್ತೇನೆ. ಅಂತರದ ಸೂತ್ರ 4√(I₁I₂). ಅದರಲ್ಲಿ ಬಲವಾದ ಕಿರಣ ಮಂಕು ಕಿರಣವನ್ನು ಎತ್ತಿ ಹಿಡಿಯುತ್ತಿರುತ್ತದೆ.

ಕರೆಯದೆ ಬಂದ ಕಿರಣ

ಮಂಕು ಕಿರಣಕ್ಕೂ ಇಷ್ಟು ಬಲವಿರುವುದರಿಂದಲೇ ಒಂದು ತೊಂದರೆಯೂ ಇದೆ. ಫಿಲ್ಟರನ್ನು ಕಿರಣಕ್ಕೆ ನೇರವಾಗಿ ಇಟ್ಟರೆ ಅದರ ಲೇಪನವಿಲ್ಲದ ಮುಂಭಾಗದ ಗಾಜು ಸುಮಾರು ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. 80ರ ಶೇ 4 ಎಂದರೆ 3.2. ಈ ಬೆಳಕು ಫಿಲ್ಟರನ್ನು ದಾಟಿಯೇ ಇಲ್ಲ, ಆದ್ದರಿಂದ ಮಂಕಾಗಿಯೂ ಇಲ್ಲ. ನಾವು ಅಳೆಯಬೇಕೆಂದಿದ್ದ 5ಕ್ಕೆ ಹತ್ತಿರ ಹತ್ತಿರ ಬರುತ್ತದೆ. 80 × 3.2 = 256, ವರ್ಗಮೂಲ 16, ಏರಿಳಿತ 64. ನಿಜವಾದ ಪಟ್ಟೆಗಳ ಏರಿಳಿತವೇ 80. ಎರಡು ಬಗೆಯ ಪಟ್ಟೆಗಳು ಒಂದರ ಮೇಲೊಂದು ಕೂತು, ಗೋಚರತೆ ಪರದೆಯ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಎಂದು ತೋರಿದರೆ ಮೊದಲ ಅನುಮಾನ ಇದರ ಮೇಲಿರಲಿ.

ಪತ್ತೆ ಸುಲಭ. ಫಿಲ್ಟರ್ ಮತ್ತು ಅದರ ಹಿಂದಿನ ಕನ್ನಡಿಯ ನಡುವೆ ರಟ್ಟು ಇಡಿ. ಆ ತೋಳು ಮುಚ್ಚಿದ ಮೇಲೂ ಪಟ್ಟೆ ಉಳಿದಿದ್ದರೆ ಅದು ಫಿಲ್ಟರ್‌ನ ಮುಖದಿಂದ ಬಂದದ್ದು. ರಟ್ಟನ್ನು ತೆಗೆಯದೆ, ಆ ಪ್ರತಿಫಲನದ ಚುಕ್ಕೆ ಸೀಳಿನಿಂದ ಪೂರ್ತಿ ಆಚೆ ಸರಿಯುವವರೆಗೆ ಫಿಲ್ಟರನ್ನು ಓರೆ ಮಾಡುತ್ತ ಹೋಗಿ. ಚುಕ್ಕೆಯ ಅಂಚಿನ ಮಸುಕು ಬೆಳಕೂ ಒಳಗೆ ಬರಬಾರದು. ಇಂತಹ ಪಟ್ಟೆಗಳ ಗೋಚರತೆಯನ್ನು ಶೇ 1ಕ್ಕೆ ಇಳಿಸಬೇಕಾದರೆ ಪಾರದ ಅನುಪಾತ 0.005 ಆಗಬೇಕು, ತೀವ್ರತೆಯಲ್ಲಿ ಅದು 40,000ದಲ್ಲಿ ಒಂದು ಪಾಲು. ನಮ್ಮ 80 ಮೈಕ್ರೋವ್ಯಾಟ್‌ಗೆ ಬರೀ 2 ನ್ಯಾನೋವ್ಯಾಟ್.