ಹಳೆಯ ರೇಟು, ಒಣ ಬೋರು, ಬ್ರೋಕರ್ ಹೇಳಿದ ಬೆಲೆ: ತೀರ್ಮಾನದ ಎಡವಟ್ಟು ಪತ್ತೆಹಚ್ಚುವುದು ಹೇಗೆ?

ಅಟ್ಟದಲ್ಲಿ ಹತ್ತು ಕ್ವಿಂಟಲ್ ಚಾಲಿ ಅಡಿಕೆ ಇದೆ. ಫೆಬ್ರವರಿಯಲ್ಲಿ ಕಿಲೋಗೆ 400 ಇತ್ತು, ಕೊಡಲಿಲ್ಲ. ಈಗ 370. ‘ನಾನೂರು ಇದ್ದಾಗಲೇ ಕೊಡದವನು ಈಗ ಮೂವತ್ತು ಬಿಟ್ಟು ಕೊಡುವುದೆ?’ ಎಂದು ಬದಿಯಡ್ಕದ ಕೃಷಿಕರೊಬ್ಬರು ಕೇಳುತ್ತಾರೆ ಎಂದಿಟ್ಟುಕೊಳ್ಳಿ. (ಈ ಲೇಖನದ ರೇಟುಗಳೆಲ್ಲ ಲೆಕ್ಕಕ್ಕಾಗಿ ಹಾಕಿದವು, ಇವತ್ತಿನ ಮಾರುಕಟ್ಟೆಯವಲ್ಲ.) ಇಲ್ಲಿ ತಪ್ಪು ಇದೆಯೇ, ಇದ್ದರೆ ಯಾವ ಜಾತಿಯದು?

ವರ್ತನಾ ಅರ್ಥಶಾಸ್ತ್ರದಲ್ಲಿ ಇಂತಹ ತಪ್ಪುಗಳ ಪಟ್ಟಿ ಉದ್ದವಿದೆ. ದಿನನಿತ್ಯದ ಹಣಕಾಸಿನಲ್ಲಿ ಹೆಚ್ಚು ಕಾಣುವವು ಮೂರು: ನಷ್ಟದ ಅಳುಕು, ಆಂಕರಿಂಗ್, ಮುಳುಗಿದ ಖರ್ಚಿನ ಮೋಹ. ಮೂರರಲ್ಲೂ ಹಿಂದಿನ ಒಂದು ಸಂಖ್ಯೆ ಇವತ್ತಿನ ತೀರ್ಮಾನದೊಳಗೆ ಬಂದು ಕೂತಿರುತ್ತದೆ. ಆದ್ದರಿಂದಲೇ ಅವು ಒಂದರಂತೆ ಇನ್ನೊಂದು ಕಾಣುತ್ತವೆ.

ಮೊದಲು ಸಂಖ್ಯೆಯನ್ನು ಹುಡುಕಿ

ಯಾವುದೇ ಸನ್ನಿವೇಶ ಕೊಟ್ಟರೂ ಅದರಲ್ಲಿ ಮಾತನಾಡುವವರು ಹಿಡಿದುಕೊಂಡಿರುವ ಸಂಖ್ಯೆಗೆ ಗೆರೆ ಎಳೆಯಿರಿ. ಆಮೇಲೆ ಆ ಸಂಖ್ಯೆ ಅಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ನೋಡಿ. ಲಾಭ ಎಲ್ಲಿ ಮುಗಿದು ನಷ್ಟ ಎಲ್ಲಿ ಶುರುವಾಯಿತು ಎಂದು ತೋರಿಸುವ ಗಡಿಕಲ್ಲಾಗಿದ್ದರೆ ಅದು ನಷ್ಟದ ಅಳುಕು. ವಸ್ತುವಿಗೆ ಎಷ್ಟು ಬೆಲೆ ಎಂಬ ಅಂದಾಜೇ ಅದರಿಂದ ಶುರುವಾಗಿದ್ದರೆ ಆಂಕರಿಂಗ್. ಈಗಾಗಲೇ ಕೈಬಿಟ್ಟು ಹೋದ, ಇನ್ನು ಬಾರದ ಹಣವಾಗಿದ್ದು, ಅದಕ್ಕಾಗಿಯೇ ಇನ್ನಷ್ಟು ಸುರಿಯುವ ಮಾತು ಬಂದರೆ ಮುಳುಗಿದ ಖರ್ಚು.

ಹೆಸರಿಟ್ಟರೆ ಸಾಲದು, ಪರೀಕ್ಷೆ ಮಾಡಬೇಕು. ಮುಂದಿನದನ್ನೆಲ್ಲ ಹಾಗೇ ಇಟ್ಟು ಆ ಒಂದು ಸಂಖ್ಯೆಯನ್ನು ಮಾತ್ರ ಬದಲಿಸಿ. ತೀರ್ಮಾನವೂ ಬದಲಾದರೆ ತಪ್ಪು ಸಿಕ್ಕಿಬಿತ್ತು. ಬದಲಾಗದಿದ್ದರೆ ಆ ಮನುಷ್ಯ ಬೇರೆ ಕಾರಣದಿಂದ ಹಾಗೆ ಮಾಡುತ್ತಿದ್ದಾನೆ. ಆ ಕಾರಣ ಸರಿಯೂ ಇರಬಹುದು.

ಅಟ್ಟದ ಅಡಿಕೆ

ಅಡಿಕೆಯ ಸನ್ನಿವೇಶದಲ್ಲಿ ಬದಲಿಸಬೇಕಾದ್ದು ಫೆಬ್ರವರಿಯ ರೇಟು. ಅಂದು 400ರ ಬದಲು 340 ಇತ್ತು, ಇವತ್ತು 370 ಆಗಿದೆ ಎಂದುಕೊಳ್ಳಿ. ಅದೇ ಕೃಷಿಕರು ‘ಮೂವತ್ತು ಏರಿತು’ ಎಂದು ಖುಷಿಯಿಂದ ಜೀಪಿಗೆ ಗೋಣಿ ಏರಿಸುತ್ತಾರೆ. ಎರಡೂ ಕಡೆ ಅಡಿಕೆ ಅದೇ, ಕೈಗೆ ಬರುವ ಹಣವೂ ಅದೇ 3,70,000. ನಾಳೆಯ ಮಾರುಕಟ್ಟೆಯೂ ಬೇರೆಯಲ್ಲ. ಬದಲಾದದ್ದು ಗಡಿಕಲ್ಲು ಮಾತ್ರ.

ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ ಬರೆದ ಪ್ರಬಂಧದ ತಿರುಳು ಇದೇ. ಜನ ಒಟ್ಟು ಆಸ್ತಿಯನ್ನಲ್ಲ, ಒಂದು ಗಡಿಯಿಂದ ಆದ ಏರಿಳಿತವನ್ನು ಲೆಕ್ಕ ಹಾಕುತ್ತಾರೆ. ಇಳಿದದ್ದು ಏರಿದ್ದಕ್ಕಿಂತ ಹೆಚ್ಚು ನೋಯಿಸುತ್ತದೆ. 1992ರ ಪ್ರಬಂಧದಲ್ಲಿ ಅವರು ಆ ನೋವನ್ನು ಸುಮಾರು 2.25 ಪಟ್ಟು ಎಂದು ಅಂದಾಜಿಸಿದರು. ಆ ಅಂಕೆಯನ್ನು ಎಲ್ಲರ ಹಣೆಗೂ ಅಂಟಿಸಬಾರದು. ಜನ, ಮೊತ್ತ, ಸಂದರ್ಭ ಬದಲಾದಂತೆ ಅದೂ ಬದಲಾಗುತ್ತದೆ, ಸಣ್ಣ ಮೊತ್ತದಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ.

ಇನ್ನೊಂದು ಪರೀಕ್ಷೆ ಇನ್ನೂ ನೇರ. ಅಟ್ಟದಲ್ಲಿ ಅಡಿಕೆಯೇ ಇಲ್ಲ, ಮೇಜಿನ ಮೇಲೆ 3,70,000 ನಗದು ಇದೆ ಎಂದುಕೊಳ್ಳಿ. ನಾಳೆ ಹೋಗಿ ಅದೇ ಹಣಕ್ಕೆ ಹತ್ತು ಕ್ವಿಂಟಲ್ ಚಾಲಿ ಕೊಂಡು ಅಟ್ಟಕ್ಕೆ ಹಾಕುತ್ತೀರಾ? ಸಾಗಾಟ, ಕೂಲಿಯ ಖರ್ಚನ್ನು ಬದಿಗಿಟ್ಟ ಮೇಲೂ ಉತ್ತರ ‘ಇಲ್ಲ’ ಎಂದಾದರೆ, ಈಗ ಇಟ್ಟುಕೊಂಡಿರುವುದಕ್ಕೂ ಕಾರಣ ಇಲ್ಲ.

ಹಾಗೆಂದು ಅಡಿಕೆ ಇಟ್ಟುಕೊಂಡವರೆಲ್ಲ ಅಳುಕಿನವರಲ್ಲ. ಹಳೆ ಚಾಲಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಸಿಗುವುದು ಇಲ್ಲಿಯ ಮಾರುಕಟ್ಟೆಯ ರೂಢಿ. ‘ಹಳೆಯದಾಗಲಿ ಎಂದು ಇಟ್ಟಿದ್ದೇನೆ, ತೂಕ ಇಳಿಯುವುದನ್ನೂ ಹುಳು ಹಿಡಿಯುವುದನ್ನೂ ಸಾಲದ ಬಡ್ಡಿಯನ್ನೂ ಕಳೆದರೂ ಇಷ್ಟು ಉಳಿಯುತ್ತದೆ’ ಎನ್ನುವವರ ಮಾತಿನಲ್ಲಿ 400 ಎಂಬುದೇ ಬರುವುದಿಲ್ಲ ನೋಡಿ. ಅವರ ಲೆಕ್ಕ ತಪ್ಪಾಗಬಹುದು, ಆದರೆ ಅದು ಮುಂದಿನದರ ಲೆಕ್ಕ.

ಸೆಂಟಿಗೆ ಎಷ್ಟು?

ಕುಂಬಳೆಯ ಕಡೆ 20 ಸೆಂಟು ಜಾಗ. ಬ್ರೋಕರ್ ಮೊದಲೇ ಹೇಳುತ್ತಾರೆ, ‘ಸೆಂಟಿಗೆ ಒಂದು ಎಂಬತ್ತು ಹೇಳ್ತಿದ್ದಾರೆ, ನೀವು ಮಾತಾಡಿ, ಇಳಿಸುವ.’ ನಾಲ್ಕು ಸಲ ಚಹಾ ಆಗಿ 1,50,000ಕ್ಕೆ ಕುದುರುತ್ತದೆ. ಕೊಂಡವರಿಗೆ ಸೆಂಟಿಗೆ ಮೂವತ್ತು ಸಾವಿರ ಉಳಿಸಿದ ಸಮಾಧಾನ. ಆದರೆ ಸುತ್ತಮುತ್ತ ಅಂಥದೇ ಜಾಗ ಹಿಂದಿನ ವರ್ಷ ಹೋದದ್ದು 1,10,000ರಿಂದ 1,25,000ಕ್ಕೆ. ಅದನ್ನು ಸುಮಾರು 1,20,000 ಎಂದು ಹಿಡಿದರೂ 20 ಸೆಂಟಿಗೆ ಆರು ಲಕ್ಷ ಹೆಚ್ಚು ಹೋಯಿತು.

ಇಲ್ಲಿ 1,80,000 ಎಂಬುದು ಯಾರ ನಷ್ಟವೂ ಅಲ್ಲ, ಯಾರೂ ಕೊಟ್ಟ ಹಣವೂ ಅಲ್ಲ. ಅದು ಅಂದಾಜು ಹೊರಟ ಜಾಗ. ಹೊರಟಲ್ಲಿಂದ ಕೆಳಗಿಳಿಯುತ್ತ ಬಂದು, ‘ಪರವಾಗಿಲ್ಲ’ ಎನ್ನಿಸಿದ ಕೂಡಲೇ ನಿಂತುಬಿಡುತ್ತೇವೆ. ಇಳಿದದ್ದು ಸಾಲುವುದಿಲ್ಲ. ಬ್ರೋಕರ್ 1,40,000 ಎಂದಿದ್ದರೆ ಎಲ್ಲಿ ನಿಲ್ಲುತ್ತಿತ್ತು ಎಂದು ಕೇಳಿಕೊಳ್ಳಿ. ಖಂಡಿತ 1,50,000ಕ್ಕೆ ಅಲ್ಲ.

ಸಂಬಂಧವೇ ಇಲ್ಲದ ಸಂಖ್ಯೆಯೂ ಹೀಗೆ ಎಳೆಯುತ್ತದೆ. 1974ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಟ್ವೆರ್ಸ್ಕಿ ಮತ್ತು ಕಾಹ್ನೆಮನ್ ಒಂದು ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳು ಶೇಕಡಾ ಎಷ್ಟು ಎಂದು ಕೇಳಿದರು. ಚಕ್ರ 10ಕ್ಕೆ ನಿಂತದ್ದನ್ನು ಕಂಡವರ ಮಧ್ಯದ ಉತ್ತರ 25, ಚಕ್ರ 65ಕ್ಕೆ ನಿಂತದ್ದನ್ನು ಕಂಡವರದು 45. ಅನುಭವಿಗಳು ಇದಕ್ಕೆ ಬೀಳುವುದಿಲ್ಲ ಎಂದುಕೊಳ್ಳಬೇಡಿ. 1987ರಲ್ಲಿ ಅಮೆರಿಕದ ಟೂಸಾನ್ ಊರಿನ ಮನೆ ದಲ್ಲಾಳಿಗಳಿಗೆ ಒಂದೇ ಮನೆಯನ್ನು ಬೇರೆ ಬೇರೆ ನಮೂದು ಬೆಲೆಯೊಂದಿಗೆ ತೋರಿಸಿದಾಗ ಅವರ ಅಂದಾಜೂ ಆ ಬೆಲೆಯ ಹಿಂದೆಯೇ ಹೋಯಿತು. ಬೆಲೆಯನ್ನು ಗಮನಕ್ಕೆ ತೆಗೆದುಕೊಂಡಿರಾ ಎಂದರೆ ಹೆಚ್ಚಿನವರು ಒಪ್ಪಲಿಲ್ಲ.

ಆದ್ದರಿಂದ ‘ನಾನು ಎಚ್ಚರವಾಗಿರುತ್ತೇನೆ’ ಎಂಬುದು ಉಪಾಯವಲ್ಲ. ಬ್ರೋಕರನ್ನು ಭೇಟಿಯಾಗುವ ಮೊದಲು ಹತ್ತಿರದ ಮೂರು ವ್ಯವಹಾರಗಳನ್ನು ವಿಚಾರಿಸಿ, ನಿಮ್ಮ ಬೆಲೆಯನ್ನೂ ಇದಕ್ಕಿಂತ ಮೇಲೆ ಹೋಗುವುದಿಲ್ಲ ಎಂಬ ಮಿತಿಯನ್ನೂ ಚೀಟಿಯಲ್ಲಿ ಬರೆಯಿರಿ. ಬೆಲೆ ಮೊದಲೇ ಕಿವಿಗೆ ಬಿದ್ದಿದ್ದರೆ ಅಷ್ಟು ಬಾಳದಿರಲು ಕಾರಣಗಳನ್ನು ಹುಡುಕಿ ಬರೆಯಿರಿ: ದಾರಿ ಅಗಲವಿಲ್ಲ, ಬೇಸಿಗೆಯಲ್ಲಿ ಬಾವಿ ಬತ್ತುತ್ತದೆ, ಅರ್ಧ ಜಾಗ ಪಾರೆ. ಎದುರು ಕಾರಣಗಳನ್ನು ಬಲವಂತವಾಗಿ ಯೋಚಿಸಿದರೆ ಎಳೆತ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ನಾನೂರು ಅಡಿಯ ಒಣ ಬೋರು

ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದೂ, ‘ತಪ್ಪು’ ಎಂದು ಅವಸರದಲ್ಲಿ ಹೆಸರಿಟ್ಟು ಓದುಗರು ಎಡವುವುದೂ ಇಲ್ಲಿಯೇ.

ಅಂಗಳದ ಬದಿಯಲ್ಲಿ ರಿಗ್ ನಿಂತಿದೆ. 400 ಅಡಿ ಆಯಿತು. ಗುಂಡಿಯ ಬಾಯಿಂದ ಬೂದಿಬಣ್ಣದ ಒಣ ಹುಡಿ ಹಾರಿ ಬಾಳೆ ಎಲೆಗಳ ಮೇಲೆ ಕೂತಿದೆ. ಹುಡಿ ತೇವವಾಗಿ ಉಂಡೆ ಕಟ್ಟುವ ಲಕ್ಷಣ ಇಲ್ಲ. ಈವರೆಗೆ ಕೇಸಿಂಗ್ ಸೇರಿ 60,000 ಆಗಿದೆ. ಇನ್ನೂ 100 ಅಡಿಗೆ 14,000. ‘ಅರವತ್ತು ಸಾವಿರ ಹಾಕಿ ಆಯಿತಲ್ಲಣ್ಣ, ಈಗ ನಿಲ್ಲಿಸಿದರೆ ಅದೂ ದಂಡ’ ಎನ್ನುತ್ತಾನೆ ರಿಗ್ಗಿನವನು. ಅವನಿಗೆ ಅಡಿ ಲೆಕ್ಕದಲ್ಲಿ ಕೂಲಿ ಎಂಬುದನ್ನೂ ನೆನಪಿಡಿ.

60,000 ನಿಲ್ಲಿಸಿದರೂ ಹೋಯಿತು, ಮುಂದುವರಿಸಿದರೂ ಹೋಯಿತು. ಎರಡೂ ಕಡೆ ಇರುವ ಸಂಖ್ಯೆಯನ್ನು ಹೊಡೆದುಹಾಕಿ ಉಳಿದದ್ದನ್ನು ಹೋಲಿಸಿ. ತೋಟದ ಕೆಳಬದಿಯಲ್ಲಿ ಹೊಸ ಬೋರಿಗೆ ಕೇಸಿಂಗ್ ಸೇರಿ 50,000, ನೀರು ಸಿಗುವ ಸಾಧ್ಯತೆ ಎರಡರಲ್ಲಿ ಒಂದು ಎಂದು ಭೂಜಲ ತಜ್ಞರ ಅಂದಾಜು. ಹಳೆಯದರಲ್ಲಿ ಇನ್ನು 100 ಅಡಿಗೆ ಹತ್ತರಲ್ಲಿ ಒಂದು. ಗಟ್ಟಿ ಶಿಲೆಯಲ್ಲಿ ನೀರು ಇರುವುದು ಬಿರುಕುಗಳಲ್ಲಿ, ಆಳಕ್ಕೆ ಹೋದಂತೆ ಬಿರುಕುಗಳು ಸಾಮಾನ್ಯವಾಗಿ ವಿರಳ. ಹಾಗಾಗಿ ಈ ಅಂದಾಜು ವಿಚಿತ್ರವಲ್ಲ. ಖರ್ಚನ್ನು ಸಾಧ್ಯತೆಯಿಂದ ಭಾಗಿಸಿ. ಹೊಸದಕ್ಕೆ 1,00,000, ಹಳೆಯದಕ್ಕೆ 1,40,000. ರಿಗ್ಗನ್ನು ಕೆಳಬದಿಗೆ ಕಳಿಸುವುದೇ ಸರಿ.

ಈಗ ಒಂದೇ ಅಂಶ ಬದಲಿಸಿ. 450 ಅಡಿಯ ಹತ್ತಿರ ಬಿರುಕು ಇರಬಹುದು, ಸಾಧ್ಯತೆ ನಾಲ್ಕರಲ್ಲಿ ಒಂದು ಎಂದು ತಜ್ಞರು ಹೇಳಿದರೆ ಹಳೆಯದರ ಲೆಕ್ಕ 56,000ಕ್ಕೆ ಇಳಿಯುತ್ತದೆ. ಆಗ ಮುಂದುವರಿಸುವುದು ತಪ್ಪಲ್ಲ, ಜಾಣತನ. ಹಳೆಯ ಗುಂಡಿಗೆ ಮತ್ತೆ ಕೇಸಿಂಗ್ ಬೇಡ ಎಂಬ ವಾದವೂ ನ್ಯಾಯವೇ, ಏಕೆಂದರೆ ಅದು ಮುಂದೆ ಉಳಿಯುವ ಖರ್ಚು. ‘ಕೇಸಿಂಗಿಗೆ ಅಷ್ಟು ಕೊಟ್ಟಿದ್ದೇನೆ’ ಎಂಬುದು ಮಾತ್ರ ವಾದವಲ್ಲ.

ಓಹಿಯೊ ವಿಶ್ವವಿದ್ಯಾಲಯದ ನಾಟಕದ ಸೀಸನ್ ಟಿಕೆಟ್‌ಗಳ ಮೇಲೆ ಆರ್ಕ್ಸ್ ಮತ್ತು ಬ್ಲೂಮರ್ ನಡೆಸಿ 1985ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಕೆಲವರಿಗೆ ಪೂರ್ತಿ 15 ಡಾಲರ್, ಕೆಲವರಿಗೆ 2 ಅಥವಾ 7 ಡಾಲರ್ ರಿಯಾಯಿತಿ, ಯಾರಿಗೆ ಯಾವುದು ಎಂಬುದು ಅದೃಷ್ಟ. ಪೂರ್ತಿ ಕೊಟ್ಟವರು ಸೀಸನ್ನಿನ ಮೊದಲ ಅರ್ಧದಲ್ಲಿ ಹೆಚ್ಚು ನಾಟಕಗಳಿಗೆ ಹೋದರು. ನಾಟಕ ಎಲ್ಲರಿಗೂ ಅದೇ.

ಕೈ ಪಳಗಿಸಲು

ಇನ್ವರ್ಟರ್ ಪೆಟ್ಟಿಗೆಯ ಮೇಲೆ 12,000 ಎಂದಿದೆ, ಅಂಗಡಿಯಲ್ಲಿ 7,500. ‘ನಾಲ್ಕೂವರೆ ಸಾವಿರ ಉಳಿಯಿತು’ ಎನ್ನುವುದು ಆಂಕರಿಂಗ್. ಮುದ್ರಿತ ಬೆಲೆಯನ್ನು ಮಸಿಯಿಂದ ಮುಚ್ಚಿ, 7,500 ಕೊಡುತ್ತೀರಾ ಎಂದು ಕೇಳಿಕೊಂಡರೆ ಸಾಕು.

ಹಳದಿ ಎಲೆ ರೋಗ ಬಂದ ತೋಟ. ‘ಹದಿನೈದು ವರ್ಷ ಗೊಬ್ಬರ ಹಾಕಿದ ಮರ, ಕಡಿಯುವುದು ಹೇಗೆ?’ ಎಂಬುದು ಮುಳುಗಿದ ಖರ್ಚು. ‘ಇನ್ನೂ ಮೂರು ವರ್ಷ ಖರ್ಚು ಕಳೆದು ಏನಾದರೂ ಸಿಗುತ್ತದೆ, ಅಷ್ಟರಲ್ಲಿ ನಡುವೆ ಬೇರೆ ಬೆಳೆ ಏಳುತ್ತದೆ’ ಎಂದರೆ ತಪ್ಪಿಲ್ಲ. ಮರ ಉಳಿಯುವುದು ಎರಡರಲ್ಲೂ, ಕಾರಣ ಮಾತ್ರ ಬೇರೆ.

ಕೊನೆಯದು ಬಲೆ ಇರುವ ಸನ್ನಿವೇಶ. 40 ಕಂತಿನ ಚಿಟ್ಟಿಯಲ್ಲಿ 20 ಕಂತು ಕಟ್ಟಿ ಆಗಿದೆ. ‘ಇಷ್ಟು ಕಟ್ಟಿದ ಮೇಲೆ ಬಿಡುವುದಿಲ್ಲ’ ಎನ್ನುತ್ತಾರೆ. ಕೇಳಲು ಮುಳುಗಿದ ಖರ್ಚಿನಂತೆಯೇ ಇದೆ. ಆದರೆ ಈಗ ಬಿಟ್ಟರೆ ಒಂದು ಪಾಲು ಕಡಿತವಾಗಿ, ಉಳಿದದ್ದು ಚಿಟ್ಟಿ ಮುಗಿದ ಮೇಲಷ್ಟೇ ಸಿಗುತ್ತದೆ ಎಂದು ಕರಾರಿನಲ್ಲಿದ್ದರೆ, ಆ ಹಣ ಇನ್ನೂ ಮುಳುಗಿಲ್ಲ. ಬಿಡುವ ತೀರ್ಮಾನಕ್ಕೆ ಮುಂದೆ ತೆರಬೇಕಾದ ಬೆಲೆ ಆ ಕಡಿತವೇ. ಮೊದಲು ಪಾಸ್‌ಬುಕ್ ಜತೆಗಿನ ಕರಾರು ಓದಿ, ಕಡಿತ ಎಷ್ಟು, ಯಾವಾಗ ವಾಪಸು ಎಂದು ನೋಡಿ, ಹೆಸರಿಡುವುದು ಆಮೇಲೆ.