ಚಂದಾ ರದ್ದಾಗಿದೆ, ಹಣ ಮಾತ್ರ ಹೋಗುತ್ತಲೇ ಇದೆ: ಆಟೋಪೇ ಬಿಡಿಸುವುದು ಹೇಗೆ?

ನಮ್ಮ ಮಹಡಿಯ ಮೇಲಿನ ಮನೆಯ ನಿವೃತ್ತ ಟೀಚರಮ್ಮ ಸೆಪ್ಟೆಂಬರಿನ ಒಂದು ಸಂಜೆ ಮೊಬೈಲ್ ಹಿಡಿದು ಕೆಳಗೆ ಬಂದರು. ಮೊಮ್ಮಗನಿಗೆಂದು ಪ್ರತಿ ತಿಂಗಳು ಮನೆಗೆ ಬರುವ ಕರಕುಶಲ ಸಾಮಗ್ರಿಯ ಡಬ್ಬಿಗೆ ಅವರು ಚಂದಾ ಕಟ್ಟಿದ್ದರು. "ನೋಡಪ್ಪಾ, ಜೂನ್ ತಿಂಗಳಲ್ಲೇ ಬೇಡವೆಂದು ಒತ್ತಿದ್ದೇನೆ. ಆ ಆ್ಯಪನ್ನೂ ತೆಗೆದುಹಾಕಿದ್ದೇನೆ. ಆದರೂ ಹನ್ನೆರಡನೇ ತಾರೀಖು ಬಂತೆಂದರೆ 699 ರೂಪಾಯಿ ಹೋಗುತ್ತದೆ" ಎಂದರು. ಜುಲೈ, ಆಗಸ್ಟ್, ಸೆಪ್ಟೆಂಬರ್ ಸೇರಿ 2,097 ರೂಪಾಯಿ ಹೋಗಿತ್ತು.

ಇಂಥ ಮೊಬೈಲುಗಳನ್ನು ನಾನು ಬಹಳಷ್ಟು ನೋಡಿದ್ದೇನೆ. ತಪ್ಪು ಹೆಚ್ಚುಕಡಿಮೆ ಒಂದೇ. ಚಂದಾ ಎಂದರೆ ಒಂದು ಗಂಟು ಎಂದು ನಾವು ತಿಳಿಯುತ್ತೇವೆ, ಇರುವುದು ಎರಡು. ಒಂದು ಕಂಪನಿಯ ಬಳಿ ಇರುವ ಸದಸ್ಯತ್ವ. ಇನ್ನೊಂದು, ತಿಂಗಳು ತಿಂಗಳು ಈ ಕಂಪನಿಗೆ ಹಣ ಕೊಡಬಹುದು ಎಂದು ನಾವು ನಮ್ಮ ಬ್ಯಾಂಕಿಗೆ ಕೊಟ್ಟ ಅನುಮತಿ. ಇದಕ್ಕೆ ಬ್ಯಾಂಕಿನವರು ಮ್ಯಾಂಡೇಟ್ ಎನ್ನುತ್ತಾರೆ. ಆ್ಯಪ್ ಅಳಿಸಿದರೆ ಈ ಎರಡರಲ್ಲಿ ಒಂದೂ ಬಿಚ್ಚುವುದಿಲ್ಲ.

ಮೊದಲು: ಹಣ ಯಾವ ದಾರಿಯಲ್ಲಿ ಹೋಗುತ್ತಿದೆ?

ಹಣ ಕಡಿತವಾದ ದಿನದ ಬ್ಯಾಂಕ್ ಎಸ್ಸೆಮ್ಮೆಸ್ ಅಥವಾ ಪಾಸ್‌ಬುಕ್ಕಿನ ಸಾಲನ್ನು ನೋಡಿ. UPI ಎಂದಿದ್ದರೆ ಅದು ಯುಪಿಐ ಆಟೋಪೇ. ಕಾರ್ಡಿನ ಕೊನೆಯ ನಾಲ್ಕು ಅಂಕಿ ಇದ್ದರೆ ಕಾರ್ಡ್ ಮ್ಯಾಂಡೇಟ್. NACH ಅಥವಾ ACH ಎಂದಿದ್ದರೆ ನೇರವಾಗಿ ಖಾತೆಯಿಂದಲೇ ಹೋಗುತ್ತಿದೆ ಎಂದರ್ಥ. ಕಂಪನಿಯ ಹೆಸರಿನ ಬದಲು ಗೂಗಲ್ ಪ್ಲೇ ಅಥವಾ ಆ್ಯಪಲ್ ಹೆಸರಿದ್ದರೆ ಚಂದಾ ಇರುವುದು ಅಲ್ಲಿ. ಆಗ ಪ್ಲೇ ಸ್ಟೋರಿನಲ್ಲಿ ನಿಮ್ಮ ಚಿತ್ರ ಒತ್ತಿ, Payments & subscriptions ಒಳಗೆ ಹೋಗಿ ರದ್ದು ಮಾಡಬೇಕು. ಐಫೋನಿನಲ್ಲಾದರೆ Settings ತೆರೆದು ನಿಮ್ಮ ಹೆಸರಿನ ಕೆಳಗಿನ Subscriptions ನೋಡಿ.

ಟೀಚರಮ್ಮನದು ಯುಪಿಐ. ಈಗ ಹೆಚ್ಚಿನವರದೂ ಅದೇ.

ಆಮೇಲೆ: ಕಂಪನಿಯಲ್ಲಿ ಸದಸ್ಯತ್ವ ಮುಗಿಸುವುದು

ಆ್ಯಪ್ ಅಳಿಸಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಅದೇ ಫೋನ್ ನಂಬರಿನಿಂದ ಒಳಗೆ ಹೋಗಿ. ರದ್ದು ಮಾಡುವ ಗುಂಡಿ ಒತ್ತಿದ ಕೂಡಲೇ ಯಾರೂ ಬಿಟ್ಟುಕೊಡುವುದಿಲ್ಲ. ಏಕೆ ಬಿಡುತ್ತಿದ್ದೀರಿ ಎಂದು ಒಂದು ಪುಟ, ಅರ್ಧ ಬೆಲೆಗೆ ಕೊಡುತ್ತೇವೆ ಎಂದು ಇನ್ನೊಂದು ಪುಟ, ಕೊನೆಗೆ ಒಂದು ತಿಂಗಳು ಬಿಟ್ಟು ಮುಂದುವರಿಸಿ ಎಂಬ ದೊಡ್ಡ ಹಸಿರು ಗುಂಡಿ. ನಿಜವಾಗಿ ರದ್ದು ಮಾಡುವ ಸಾಲು ಅದರ ಕೆಳಗೆ ಬೂದು ಬಣ್ಣದಲ್ಲಿ, ಓದಲು ಕನ್ನಡಕ ಬೇಕಾಗುವಷ್ಟು ಸಣ್ಣದಾಗಿರುತ್ತದೆ.

ಟೀಚರಮ್ಮ ಒತ್ತಿದ್ದು ಹಸಿರು ಗುಂಡಿಯನ್ನು. ಅದರಲ್ಲಿ Skip ಎಂದಿತ್ತು. ಜೂನ್ ಹನ್ನೆರಡಕ್ಕೆ ಹಣ ಹೋಗಲಿಲ್ಲ. ರದ್ದಾಯಿತು ಎಂದು ನಂಬಲು ಅವರಿಗೆ ಅಷ್ಟು ಸಾಕಾಯಿತು. ಹಣ ಕಡಿತವಾಗದ ಆ ಒಂದು ತಿಂಗಳೇ ಅವರನ್ನು ಮೋಸಗೊಳಿಸಿದ್ದು. ಜುಲೈನಲ್ಲಿ ಡಬ್ಬಿ ಬಂದಾಗ ಹಳೆಯ ಲೆಕ್ಕದ್ದಿರಬೇಕೆಂದುಕೊಂಡು ಮೊಮ್ಮಗನ ಕೈಗೆ ಕೊಟ್ಟರು. ಆಗಸ್ಟಿನದನ್ನು ಬಾಗಿಲಲ್ಲೇ ವಾಪಸ್ ಕಳುಹಿಸಿದರು, ಸೆಪ್ಟೆಂಬರಿನದನ್ನೂ.

ಹಾಗಾಗಿ ನನ್ನ ನಿಯಮ ಒಂದೇ. ಸದಸ್ಯತ್ವ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಬರೆದಿರುವ ಇಮೇಲ್ ಅಥವಾ ಎಸ್ಸೆಮ್ಮೆಸ್ ಬರುವ ತನಕ ರದ್ದಾಗಿಲ್ಲ. ಬಂದರೆ ಅದರ ಚಿತ್ರ ತೆಗೆದಿಟ್ಟುಕೊಳ್ಳಿ, ತಾರೀಖು ಕಾಣುವಂತೆ. ಬರದಿದ್ದರೆ ಸದಸ್ಯತ್ವ ರದ್ದು ಮಾಡಿ ಎಂದು ನೀವೇ ಒಂದು ಸಾಲಿನ ಇಮೇಲ್ ಕಳುಹಿಸಿ. ಇದರಲ್ಲಿ ವಿನಂತಿ, ವಿವರಣೆ ಯಾವುದೂ ಬೇಡ. ಒಂದು ಎಚ್ಚರಿಕೆ: ಕಂಪನಿಯ ಸಹಾಯವಾಣಿ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಕರೆ ಮಾಡಬೇಡಿ. ಅಲ್ಲಿ ಸಿಗುವ ನಂಬರುಗಳಲ್ಲಿ ವಂಚಕರದೂ ಇರುತ್ತವೆ. ಹಣ ವಾಪಸ್ ಕೊಡಿಸುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನ್ ಇಟ್ಟುಬಿಡಿ.

ಎಡವುವ ಜಾಗ: ಮ್ಯಾಂಡೇಟ್ ತೆಗೆಯುವುದು

ಇಲ್ಲಿ ನಿಧಾನವಾಗಿ ಓದಿ.

ಒಂದು ರೂಪಾಯಿಗೆ ಏಳು ದಿನ ಪ್ರಯೋಗ ಎಂದಾಗ ಟೀಚರಮ್ಮ ಯುಪಿಐ ಪಿನ್ ಒತ್ತಿದ್ದರು. ಒಂದು ರೂಪಾಯಿ ಕೊಡುತ್ತಿದ್ದೇನೆ ಎಂಬುದು ಅವರ ಎಣಿಕೆ. ಆ ಪಿನ್ನಿನಿಂದ ಅವರು ಕೊಟ್ಟದ್ದು ಬೇರೆಯೇ. ಅವರ ಫೋನಿನಲ್ಲಿ ಮ್ಯಾಂಡೇಟ್ ತೆರೆದು ತೋರಿಸಿದೆ: ತಿಂಗಳಿಗೊಮ್ಮೆ, 999 ರೂಪಾಯಿಯವರೆಗೆ, ಮುಗಿಯುವ ವರ್ಷ 2055. ಡಬ್ಬಿಯ ಬೆಲೆ 699 ಇದ್ದರೂ ಅನುಮತಿ 999ರವರೆಗೆ ಇತ್ತು. ಚಂದಾಗಳಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಹಾಕಿದ ಮಿತಿಯ ಪ್ರಕಾರ 15,000 ರೂಪಾಯಿಯವರೆಗಿನ ಕಂತಿಗೆ ಪ್ರತಿ ಸಲ ಪಿನ್ ಅಥವಾ ಒಟಿಪಿ ಕೇಳಬೇಕಾಗಿಲ್ಲ. ಮೊದಲ ಪಿನ್ನೇ ಕೊನೆಯದು.

ಈಗ ತೆಗೆಯುವುದು. ಫೋನ್‌ಪೇ ಆಗಲಿ ಗೂಗಲ್ ಪೇ ಆಗಲಿ, ಮೇಲಿನ ನಿಮ್ಮ ಚಿತ್ರ ಒತ್ತಿದರೆ ಸಿಗುವ ಪಟ್ಟಿಯಲ್ಲಿ Autopay ಎಂದಿರುತ್ತದೆ. ಬೇರೆ ಆ್ಯಪುಗಳಲ್ಲಿ Mandates ಎಂದೂ ಇರಬಹುದು. ಒಂದಕ್ಕಿಂತ ಹೆಚ್ಚು ಯುಪಿಐ ಆ್ಯಪ್ ಬಳಸುವವರು ಎಲ್ಲವನ್ನೂ ತೆರೆದು ನೋಡಿ. ಅನುಮತಿ ಕೊಟ್ಟ ದಿನ ಯಾವ ಆ್ಯಪಿನಲ್ಲಿ ಪಿನ್ ಒತ್ತಿದ್ದಿರೋ ಅಲ್ಲಿ ಮೊದಲು ಹುಡುಕಿ.

ಕಂಪನಿಯ ಹೆಸರು ಒತ್ತಿದರೆ ಎರಡು ಆಯ್ಕೆಗಳು ಕಾಣುತ್ತವೆ. Pause ಒಂದು, Revoke ಅಥವಾ Cancel ಇನ್ನೊಂದು. Pause ಎಂದರೆ ತಾತ್ಕಾಲಿಕ ತಡೆ ಅಷ್ಟೇ, ಅನುಮತಿ ಉಳಿದೇ ಇರುತ್ತದೆ. ನಿಮಗೆ ಬೇಕಾದದ್ದು ಎರಡನೆಯದು.

ಅದನ್ನು ಒತ್ತಿದ ಕೂಡಲೇ ಯುಪಿಐ ಪಿನ್ ಕೇಳುತ್ತದೆ. ಹತ್ತರಲ್ಲಿ ಎಂಟು ಮಂದಿ ಹಿಂದೆ ಸರಿಯುವುದನ್ನು ನಾನು ಕಂಡಿರುವುದು ಇಲ್ಲೇ. ಟೀಚರಮ್ಮನೂ ತಟ್ಟನೆ ಬೆರಳು ತೆಗೆದರು. "ಪಿನ್ ಒತ್ತಿದರೆ ದುಡ್ಡು ಹೋಗುತ್ತದೆಂದು ಬ್ಯಾಂಕಿನವರೇ ಹೇಳಿದ್ದಾರಲ್ಲ?" ಹೇಳಿದ್ದು ಸರಿ. ಆದರೆ ಅನುಮತಿ ಹಿಂದಕ್ಕೆ ಪಡೆಯುವುದಕ್ಕೂ ಖಾತೆದಾರರ ಸಹಿ ಬೇಕು, ಇಲ್ಲಿ ಪಿನ್ನೇ ಸಹಿ. ವ್ಯತ್ಯಾಸ ತಿಳಿಯುವುದು ಹೀಗೆ: ಪಟ್ಟಿಯನ್ನು ತೆರೆದು, ರದ್ದು ಮಾಡುವ ಗುಂಡಿ ಒತ್ತಿ, ಆ ಪುಟಕ್ಕೆ ಬಂದವರು ನೀವೇ ಆಗಿದ್ದರೆ ಪಿನ್ ಒತ್ತಿ. ಯಾರೋ ಕಳುಹಿಸಿದ ಕೊಂಡಿಯಿಂದ ಬಂದ ಪುಟವಾಗಿದ್ದರೆ, ಮೇಲೆ ರದ್ದು ಎಂದೇ ಬರೆದಿದ್ದರೂ ಒತ್ತಬೇಡಿ.

ಪಿನ್ ಒತ್ತಿದ ಮೇಲೂ ಮೊಬೈಲ್ ಕೆಳಗಿಡಬೇಡಿ. ಅದೇ ಪಟ್ಟಿಗೆ ಮತ್ತೆ ಹೋಗಿ. ಆ ಹೆಸರು ಚಾಲ್ತಿಯಲ್ಲಿರುವವುಗಳ ಗುಂಪಿನಿಂದ ಹೋಗಿ, ಅದರ ಮುಂದೆ Revoked ಅಥವಾ Cancelled ಎಂದು ಕಾಣಬೇಕು. ಇನ್ನೂ ಹಾಗೆಯೇ ಇದ್ದರೆ ಕೆಲಸ ಆಗಿಲ್ಲ. ಮ್ಯಾಂಡೇಟಿನ ವಿವರದಲ್ಲಿ UMN ಎಂಬ ಉದ್ದದ ಸಂಖ್ಯೆ ಇರುತ್ತದೆ. ಅದರ ಚಿತ್ರವನ್ನೂ ತೆಗೆದಿಡಿ. ಮುಂದೆ ಬ್ಯಾಂಕಿನ ಹತ್ತಿರ ಮಾತನಾಡುವಾಗ ಕಂಪನಿಯ ಹೆಸರಿಗಿಂತ ಈ ಸಂಖ್ಯೆಗೆ ಬೆಲೆ ಹೆಚ್ಚು.

ಸಿಟ್ಟಿನಲ್ಲಿ ಪಟ್ಟಿಯಲ್ಲಿರುವುದನ್ನೆಲ್ಲ ಅಳಿಸುವವರಿದ್ದಾರೆ. ವಿಮೆಯ ಕಂತು, ಮ್ಯೂಚುವಲ್ ಫಂಡ್, ಸಾಲದ ಕಂತು ಎಲ್ಲವೂ ಇದೇ ಪಟ್ಟಿಯಲ್ಲಿರುತ್ತವೆ. ಟೀಚರಮ್ಮನ ಪಟ್ಟಿಯಲ್ಲಿ ತಿಂಗಳಿಗೆ 49 ರೂಪಾಯಿಯ ಒಂದು ಭಜನೆಯ ಆ್ಯಪ್ ಸಿಕ್ಕಿತು. ನಾನು ಬೆರಳು ಚಾಚುವಷ್ಟರಲ್ಲಿ "ಅದನ್ನು ಮುಟ್ಟಬೇಡ, ಬೆಳಿಗ್ಗೆ ಕೇಳುತ್ತೇನೆ" ಎಂದರು.

ಕಾರ್ಡಿನ ಮ್ಯಾಂಡೇಟ್ ಆಗಿದ್ದರೆ ಬ್ಯಾಂಕಿನ ಆ್ಯಪ್ ಅಥವಾ ನೆಟ್ ಬ್ಯಾಂಕಿಂಗಿನಲ್ಲಿ e-Mandate ಅಥವಾ Standing Instructions ಎಂಬ ವಿಭಾಗ ಹುಡುಕಿ. ಒಟಿಪಿ ಕೊಟ್ಟು ತೆಗೆಯಬಹುದು. NACH ಆಗಿದ್ದರೆ ಆ ಮ್ಯಾಂಡೇಟಿನ ಗುರುತಾದ UMRN ಸಂಖ್ಯೆಯೊಂದಿಗೆ ಶಾಖೆಗೆ ಅರ್ಜಿ ಕೊಡುವುದೇ ಲೇಸು. ಖಾತೆಯನ್ನು ಖಾಲಿ ಇಟ್ಟರಾಯಿತು ಎಂಬ ಅಡ್ಡದಾರಿಯನ್ನು ಹಲವರು ಹೇಳಿಕೊಡುತ್ತಾರೆ, ಕೇಳಬೇಡಿ. ಹಣವಿಲ್ಲದೆ ಕಂತು ವಾಪಸಾದರೆ ಬ್ಯಾಂಕು ದಂಡ ಹಾಕಬಹುದು. ಮ್ಯಾಂಡೇಟ್ ಜೀವಂತವಾಗಿರುವುದರಿಂದ ಮುಂದಿನ ಸಂಬಳದ ದಿನ ಮತ್ತೆ ಬಾಗಿಲು ಬಡಿಯುತ್ತದೆ.

ಯಾವುದು ಮೊದಲು?

ಸಮಯವಿದ್ದರೆ ಮೊದಲು ಸದಸ್ಯತ್ವ, ನಂತರ ಮ್ಯಾಂಡೇಟ್. ಮ್ಯಾಂಡೇಟ್ ಮಾತ್ರ ತೆಗೆದರೆ ಕಂಪನಿಯ ಲೆಕ್ಕದಲ್ಲಿ ನೀವಿನ್ನೂ ಸದಸ್ಯರು. ಬಾಕಿ ಕಟ್ಟಿ ಎಂಬ ಸಂದೇಶ ಬರತೊಡಗುತ್ತದೆ. ಆದರೆ ಕಂತಿನ ದಿನ ನಾಳೆಯೋ ನಾಡಿದ್ದೋ ಆಗಿದ್ದರೆ ಉಲ್ಟಾ ಮಾಡಿ.

ಕಂತಿನ ದಿನ ತಿಳಿಯುವುದು ಕಷ್ಟವಲ್ಲ. ಕನಿಷ್ಠ 24 ಗಂಟೆ ಮುಂಚೆ ಕಂಪನಿಯ ಹೆಸರು, ಮೊತ್ತ, ತಾರೀಖು ಬರೆದು ಮುನ್ಸೂಚನೆ ಕಳುಹಿಸಬೇಕು, ಆ ಕಂತು ಬೇಡವೆನ್ನುವ ದಾರಿಯನ್ನೂ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಟೀಚರಮ್ಮನ ಫೋನಿನಲ್ಲೂ ಬಂದಿತ್ತು. ಜುಲೈ 10ರ ಸಂದೇಶ, ಸೀರೆ ಅಂಗಡಿಯ ರಿಯಾಯಿತಿಗೂ ಸಾಲ ಕೊಡುತ್ತೇವೆ ಎನ್ನುವವರಿಗೂ ನಡುವೆ, ತೆರೆಯದೆ ಬಿದ್ದಿತ್ತು.

ಹೋದ ಹಣ

ಮೊದಲು ಕಂಪನಿಗೇ ಬರೆಯಿರಿ. ಹಣ ಹೋದ ತಾರೀಖುಗಳು, ಮೊತ್ತ, ರದ್ದು ಮಾಡಿದ ದಿನದ ಚಿತ್ರ, ವಾಪಸ್ ಕಳುಹಿಸಿದ ಡಬ್ಬಿಯ ಕೊರಿಯರ್ ಸಂಖ್ಯೆ ಇಷ್ಟಿರಲಿ. ಟೀಚರಮ್ಮನ ಬಳಿ ರದ್ದಿನ ಪುರಾವೆ ಇರಲಿಲ್ಲ, ಏಕೆಂದರೆ ಅವರು ರದ್ದು ಮಾಡಿರಲೇ ಇಲ್ಲ. ಇದ್ದದ್ದು ವಾಪಸಾದ ಎರಡು ಡಬ್ಬಿಗಳು ಮಾತ್ರ. ಅವುಗಳ 1,398 ರೂಪಾಯಿ ಕೇಳಿದೆವು. ಜುಲೈನದನ್ನು ಮೊಮ್ಮಗ ಆಗಲೇ ಕತ್ತರಿಸಿ ಅಂಟಿಸಿದ್ದ.

ಕಂಪನಿ ಉತ್ತರಿಸಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆವು. ಕನ್ನಡದಲ್ಲೇ ದೂರು ಹೇಳಬಹುದು. ಹೇಳುವಾಗ ಒಂದು ಮಾತು ಸೇರಿಸಿ: 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಷೇಧಿಸಿದ ಹದಿಮೂರು ಕಣ್ಕಟ್ಟುಗಳಲ್ಲಿ ಚಂದಾ ಬಲೆಯೂ ಒಂದು. ರದ್ದತಿಯ ದಾರಿಯನ್ನು ಮುಚ್ಚಿಡುವುದು, ಸುತ್ತಿ ಬಳಸಿ ಉದ್ದ ಮಾಡುವುದು ಅದರಲ್ಲಿ ಬರುತ್ತದೆ. ಹಸಿರು ಗುಂಡಿಯ ಆ ಪುಟದ ಚಿತ್ರವನ್ನು ದೂರಿಗೆ ಲಗತ್ತಿಸಿದೆವು. ಎರಡು ವಾರದಲ್ಲಿ 1,398 ಬಂತು.

ಬ್ಯಾಂಕನ್ನು ಯಾವಾಗ ಹಿಡಿಯಬೇಕು? ಮ್ಯಾಂಡೇಟ್ ತೆಗೆದ ಮೇಲೂ ಹಣ ಹೋದರೆ. ಅದಕ್ಕಿಂತ ಮೊದಲು ಹೋದದ್ದಕ್ಕೆ ನೀವೇ ಅನುಮತಿ ಕೊಟ್ಟಿದ್ದೀರಲ್ಲ ಎಂದು ಬ್ಯಾಂಕು ಹೇಳುತ್ತದೆ, ಆ ಮಾತಿನಲ್ಲಿ ಹುರುಳಿದೆ. ನಂತರ ಹೋದದ್ದಕ್ಕೆ ಅವರು ಉತ್ತರ ಕೊಡಲೇಬೇಕು. ಮೂರು ಕೆಲಸದ ದಿನಗಳೊಳಗೆ, UMN ಸಮೇತ, ಬರವಣಿಗೆಯಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಶುಲ್ಕವಿಲ್ಲ. ವಕೀಲರೂ ಬೇಕಿಲ್ಲ.